ಮೋನಾಸ್ ಮೊದಲು, ಬ್ಯಾಕ್ಟರ್ ಬಾಕಿ

ಉತ್ತರ ಪತ್ರಿಕೆ ತಿದ್ದುವಾಗ ಕೆಲವು ತಪ್ಪುಗಳು ಕಣ್ಣಿಗೆ ಬಿದ್ದು ಹಾಗೇ ಹೋಗಿಬಿಡುತ್ತವೆ. ಒಂದು ತಪ್ಪು ಮಾತ್ರ ಎರಡು ವಾರದಿಂದ ನನ್ನನ್ನು ಬಿಟ್ಟಿಲ್ಲ. ಪ್ರಶ್ನೆ ಸರಳವಾಗಿತ್ತು. ಮಣ್ಣಿನಲ್ಲಿ ಅಮೋನಿಯ ಎರಡು ಹಂತದಲ್ಲಿ ನೈಟ್ರೇಟ್ ಆಗುತ್ತದೆ, ಪ್ರತಿ ಹಂತದ ಸೂಕ್ಷ್ಮಜೀವಿ ಯಾವುದು? ಒಬ್ಬ ಹುಡುಗಿ ಮೊದಲ ಹಂತಕ್ಕೆ ಸ್ಯೂಡೋಮೋನಾಸ್, ಎರಡನೇ ಹಂತಕ್ಕೆ ಅಜೋಟೋಬ್ಯಾಕ್ಟರ್ ಎಂದು ಬರೆದಿದ್ದಳು. ಎರಡೂ ತಪ್ಪು. ಆದರೆ ಗೊತ್ತಿಲ್ಲದೆ ಸುಮ್ನೆ ಬರೆದ ತಪ್ಪಿನ ಹಾಗೆ ಕಾಣಲಿಲ್ಲ. ಕರೆದು ಕೇಳಿದೆ. ಅವಳು ಒಂಚೂರೂ ತಡವರಿಸದೆ ಹೇಳಿದಳು: "ನೀವೇ ಹೇಳಿದ್ರಲ್ಲ ಮೇಡಂ, ಮೋನಾಸ್ ಮೊದಲು, ಬ್ಯಾಕ್ಟರ್ ಬಾಕಿ ಅಂತ."

ಹೌದು, ಹೇಳಿದ್ದು ನಾನೇ. ಆ ಸಾಲು ಕಟ್ಟಿದ್ದೂ ನಾನೇ. ನೈಟ್ರೋಸೋಮೋನಾಸ್ ಮೊದಲ ಕೆಲಸ ಮಾಡುತ್ತದೆ, ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೋಬ್ಯಾಕ್ಟರ್ ಬಾಕಿ ಕೆಲಸ ಮುಗಿಸುತ್ತದೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೋನಾಸ್‌ಗೂ ಅಮೋನಿಯಕ್ಕೂ ಪ್ರಾಸ ಬೇರೆ ಕೂಡುತ್ತದೆ. ಕೇಳಿದ ತಕ್ಷಣ ಮಕ್ಕಳ ಬಾಯಲ್ಲಿ ನಿಲ್ಲುತ್ತಿತ್ತು. ಅವಳ ಬಾಯಲ್ಲೂ ನಿಂತಿತ್ತು. ನಿಂತದ್ದು ಹೆಸರಿನ ಬಾಲ ಮಾತ್ರ. ಪರೀಕ್ಷೆಯ ಹೊತ್ತಿಗೆ ಮೋನಾಸ್ ಅನ್ನುವ ಬಾಲಕ್ಕೆ ಒಂದು ತಲೆ ಬೇಕಾಯಿತು, ಕೈಗೆ ಸಿಕ್ಕಿದ್ದು ಸ್ಯೂಡೋ. ಬ್ಯಾಕ್ಟರ್ ಅನ್ನುವ ಬಾಲಕ್ಕೆ ಸಿಕ್ಕಿದ್ದು ಅಜೋಟೋ. ಸಾಲು ನೆನಪಿತ್ತು, ವಿಷಯ ಜಾರಿಹೋಗಿತ್ತು.

ಹೆಸರಿನ ತಲೆ ಹಿಡಿಯಬೇಕಿತ್ತು

ಅವತ್ತು ಮನೆಗೆ ಬಂದು ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತೆ. ಮೋನಾಸ್ ಅಂದರೆ ಗ್ರೀಕ್‌ನಲ್ಲಿ ಒಂಟಿ, ಬಿಡಿ ಘಟಕ. ಬ್ಯಾಕ್ಟರ್ ಅಂದರೆ ಕೋಲು. ಎರಡೂ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ನೋಡಿ ಇಟ್ಟ ಬಾಲಗಳು. ಆ ಜೀವಿ ಏನು ಕೆಲಸ ಮಾಡುತ್ತದೆ ಅನ್ನುವುದು ಈ ಬಾಲಗಳಲ್ಲಿ ಇಲ್ಲವೇ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಜೀವಿಗಳಿಗೆ ಇದೇ ಬಾಲ ಇದೆ. ನಾನು ನೆನಪಿನ ಕೊಕ್ಕೆ ಹಾಕಿದ್ದು ಅಲ್ಲಿಗೆ.

ಕೆಲಸ ಇರುವುದು ತಲೆಯಲ್ಲಿ. ಅಜೋಟೋಬ್ಯಾಕ್ಟರ್ ತಗೊಳ್ಳಿ. ಸಾರಜನಕವನ್ನು ಫ್ರೆಂಚರು ಅಜೋಟ್ ಅನ್ನುತ್ತಾರೆ. ಆ ಹೆಸರು ಬಳಕೆಗೆ ತಂದವರಲ್ಲಿ ರಸಾಯನ ವಿಜ್ಞಾನಿ ಲವಾಸಿಯೇ ಮುಖ್ಯ. ಆ ಅನಿಲದಲ್ಲಿ ಪ್ರಾಣಿ ಉಳಿಯುವುದಿಲ್ಲ, ಅದಕ್ಕೇ 'ಜೀವವಿಲ್ಲದ್ದು' ಎಂಬ ಅರ್ಥ. ನಮ್ಮ ಅಶಾಂತಿ, ಅನ್ಯಾಯಗಳಲ್ಲಿರುವ 'ಅ' ಮಾಡುವ ಕೆಲಸವನ್ನೇ ಅಲ್ಲಿನ 'ಅ' ಕೂಡ ಮಾಡುತ್ತದೆ. ಹಾಗಾಗಿ ಅಜೋಟೋ ಅಂದರೆ ಗಾಳಿಯಲ್ಲಿರುವ ಸಾರಜನಕ, ಅದನ್ನು ಹಿಡಿಯುವ ಕೋಲು ಅಜೋಟೋಬ್ಯಾಕ್ಟರ್. ರೈಜೋ ಅಂದರೆ ಬೇರು. ರೈಜೋಬಿಯಂ ಬೇರಿನಲ್ಲಿ ಬದುಕುವುದು.

ಇನ್ನು ನೈಟ್ರೋಸೋ ಮತ್ತು ನೈಟ್ರೋ. ಈ ಎರಡು ತಲೆಗಳು ಆ ಜೀವಿ ಏನನ್ನು ತಯಾರಿಸುತ್ತದೆ ಎಂದು ಹೇಳುತ್ತವೆ. ನೈಟ್ರೋಸೋ ಅಂದರೆ ನೈಟ್ರೈಟ್ ಮಾಡುವುದು, ಬರೀ ನೈಟ್ರೋ ಅಂದರೆ ನೈಟ್ರೇಟ್ ಮಾಡುವುದು. ನಡುವಿನ ಒಂದು 'ಸೋ' ಮೇಲೆ ಎಲ್ಲ ನಿಂತಿದೆ. ಸೋ ಇದ್ದರೆ ಮೊದಲ ಹಂತ, ಸೋ ಇಲ್ಲದಿದ್ದರೆ ಎರಡನೇ ಹಂತ. ಇದರ ಬೆಲೆ ಗೊತ್ತಾಗುವುದು ಪುಸ್ತಕದ ಎರಡು ಹೆಸರುಗಳನ್ನು ದಾಟಿ ಮುಂದೆ ಹೋದಾಗ. ನೈಟ್ರೋಸೋಸ್ಪೈರ ಮತ್ತು ನೈಟ್ರೋಸ್ಪೈರ ಎಂಬ ಎರಡು ಬೇರೆ ಬೇರೆ ಜೀವಿಗಳಿವೆ. ಬಾಲ ಒಂದೇ, ನನ್ನ ಹಳೆಯ ಸಾಲು ಇಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಸೋ ನೋಡಿದರೆ ಗೊಂದಲವೇ ಇಲ್ಲ. ಮೊದಲನೆಯದು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಎರಡನೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಸಮುದ್ರದಲ್ಲಿ ಸಿಗುವ ನೈಟ್ರೋಸೋಪ್ಯುಮಿಲಸ್ ಬ್ಯಾಕ್ಟೀರಿಯವೇ ಅಲ್ಲ, ಆರ್ಕಿಯ ಎಂಬ ಬೇರೆಯೇ ಗುಂಪಿನದು. ಅದಕ್ಕೂ ಸೋ ಇದೆ, ಅದೂ ಅಮೋನಿಯದ ಮೇಲೆಯೇ ಕೆಲಸ ಮಾಡುತ್ತದೆ.

ಒಂದು ಕಡೆ ಮಾತ್ರ ಈ ನಿಯಮ ಪೂರ್ತಿ ಹೇಳುವುದಿಲ್ಲ. 2015ರಲ್ಲಿ ಅಮೋನಿಯದಿಂದ ನೈಟ್ರೇಟ್‌ವರೆಗೆ ಎರಡೂ ಹಂತವನ್ನು ಒಂದೇ ಮೈಯಲ್ಲಿ ಮುಗಿಸುವ ಕೆಲವು ನೈಟ್ರೋಸ್ಪೈರಗಳು ಸಿಕ್ಕವು. 1890ರ ಸುಮಾರಿಗೆ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿ ಈ ಕೆಲಸ ಮಾಡುವ ಜೀವಿಗಳನ್ನು ಬೇರ್ಪಡಿಸಿದಾಗಿನಿಂದ ಎರಡು ಹಂತಕ್ಕೆ ಎರಡು ಗುಂಪು ಎಂದೇ ಸಾಮಾನ್ಯವಾಗಿ ನಂಬಿದ್ದರು. ಆದರೂ ಹೆಸರು ಸುಳ್ಳಾಗಲಿಲ್ಲ. ಕೊನೆಗೆ ಹೊರಬರುವುದು ನೈಟ್ರೇಟೇ ತಾನೆ.

ಉಳಿದದ್ದು ಸ್ಯೂಡೋಮೋನಾಸ್. ಸ್ಯೂಡೋ ಅಂದರೆ ಸುಳ್ಳು. ಈ ಹೆಸರಿನಲ್ಲಿ ಕೆಲಸದ ಸುಳಿವೇ ಇಲ್ಲ. ಹಾಗಾಗಿ ಆ ಹುಡುಗಿಯ ತಪ್ಪನ್ನೇ ಕೊಕ್ಕೆ ಮಾಡಿಕೊಂಡೆ. ಅದು ಸುಳ್ಳು ಮೋನಾಸ್. ಮೊದಲ ಹಂತದ ಮೋನಾಸ್ ಥರ ಕೇಳಿಸುತ್ತದೆ, ಮಾಡುವುದು ತೀರಾ ಉಲ್ಟಾ ಕೆಲಸ. ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತದೆ.

ಎರಡು ಐತ್ವ, ಎರಡು ಆಕ್ಸಿಜನ್

ಸೋ ಗೊತ್ತಾದರೂ ಇನ್ನೊಂದು ತೊಡಕು ಉಳಿಯುತ್ತದೆ. ನೈಟ್ರೈಟ್, ನೈಟ್ರೇಟ್ ಇವೆರಡರಲ್ಲಿ ಯಾವುದು ಯಾವುದು? ಬೇಗ ಓದಿದರೆ ಒಂದೇ ಪದದ ಹಾಗೆ ಕೇಳಿಸುತ್ತದೆ. ಇದಕ್ಕೆ ಕನ್ನಡ ಲಿಪಿಯೇ ಸಹಾಯಕ್ಕೆ ಬರುತ್ತದೆ. ನೈಟ್ರೈಟ್ ಎಂದು ಬರೆದು ನೋಡಿ. ನೈ, ಟ್ರೈ. ಎರಡು ಐತ್ವ. ಅದರ ಸೂತ್ರ NO₂⁻, ಎರಡು ಆಕ್ಸಿಜನ್. ನೈಟ್ರೇಟ್‌ನಲ್ಲಿ ಐತ್ವ ಒಂದೇ, ಎರಡರ ಲೆಕ್ಕ ಅಲ್ಲಿ ಕೂಡುವುದಿಲ್ಲ. ಅದು ಉಳಿದದ್ದು, NO₃⁻. ಒಂದು ನೆನಪಿದ್ದರೆ ಇನ್ನೊಂದು ತಾನಾಗಿ ಬರುತ್ತದೆ. ಎರಡರಿಂದ ಮೂರಕ್ಕೆ ಹೋಗಬೇಕಾದರೆ ಒಂದು ಆಕ್ಸಿಜನ್ ಸೇರಬೇಕು. ಹಾಗಾಗಿ ನೈಟ್ರೈಟ್ ಮೊದಲು, ನೈಟ್ರೇಟ್ ಆಮೇಲೆ.

ಹಿಡಿ, ಏರು, ಹೀರು, ಕೊಳೆ, ಬಿಡು

ಸಾರಜನಕ ಚಕ್ರದ ಹಂತಗಳ ಹೆಸರು ಸ್ಥಿರೀಕರಣ, ನೈಟ್ರೀಕರಣ, ಸ್ವಾಂಗೀಕರಣ, ಅಮೋನೀಕರಣ, ವಿನೈಟ್ರೀಕರಣ. ಇವುಗಳ ಮೊದಲಕ್ಷರ ಸೇರಿಸಿ ವಾಕ್ಯ ಕಟ್ಟಲು ನಾನೂ ನೋಡಿದ್ದೇನೆ. ಎಲ್ಲದರ ಕೊನೆಯೂ 'ಕರಣ' ಆದ್ದರಿಂದ ಮೊದಲಕ್ಷರ ನೆನಪಾದರೂ ಅಲ್ಲಿ ಏನು ನಡೆಯುತ್ತದೆ ಎಂದು ಹೊಳೆಯುವುದಿಲ್ಲ. ಕೊನೆಗೆ ಉಳಿದದ್ದು ಐದು ಕ್ರಿಯಾಪದ. ಗಾಳಿಯಿಂದ ಹಿಡಿ. ನೈಟ್ರೇಟ್‌ವರೆಗೆ ಏರು. ಬೇರಿನಿಂದ ಹೀರು. ಸತ್ತ ಮೇಲೆ ಕೊಳೆ. ಗಾಳಿಗೆ ಬಿಡು. ಹಿಡಿಯಿಂದ ಶುರು, ಬಿಡುವಿನಲ್ಲಿ ಕೊನೆ. ಹಿಡಿ, ಬಿಡು ನಮ್ಮ ಮಾತಿನಲ್ಲಿ ಯಾವಾಗಲೂ ಜೋಡಿ, ಇಲ್ಲೂ ಎರಡೂ ಒಂದಕ್ಕೊಂದು ವಿರುದ್ಧ. ಎರಡರ ಕೊನೆ ತುದಿಯೂ ಗಾಳಿಯೇ. ಒಂದೇ ತೊಂದರೆ ಅಂದರೆ ಇದು ಮಣ್ಣಿನಲ್ಲಿ ಸಾಲಾಗಿ ಒಮ್ಮೆ ಓಡಿ ಮುಗಿಯುವುದಿಲ್ಲ. ಕೊಳೆತು ಬಂದ ಅಮೋನಿಯ ಬಿಡುಗಡೆಗೆ ಹೋಗುವ ಮೊದಲು ಮತ್ತೆ ಏರುತ್ತದೆ, ಮತ್ತೆ ಹೀರಿಕೆಯಾಗುತ್ತದೆ. ಒಳಗೇ ಎಷ್ಟೋ ಸುತ್ತು ಹೊಡೆಯುತ್ತದೆ.

ಏರು ಅನ್ನುವ ಪದ ಸುಮ್ನೆ ಆರಿಸಿದ್ದಲ್ಲ. ಅದರ ಹಿಂದೆ ಒಂದು ಮೆಟ್ಟಿಲಿದೆ.

ಮೆಟ್ಟಿಲು

ಸಾರಜನಕದ ಉತ್ಕರ್ಷಣ ಸಂಖ್ಯೆಗಳನ್ನು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲ ಹಾಗೆ ಬರೆಯಿರಿ. ಎಲೆಕ್ಟ್ರಾನ್ ಕಳೆದುಕೊಂಡಷ್ಟೂ ಏರುವ, ಪಡೆದಷ್ಟೂ ಇಳಿಯುವ ಸಂಖ್ಯೆ ಅದು. ತೀರಾ ಕೆಳಗೆ ಅಮೋನಿಯ, -3. ಸೊನ್ನೆಯಲ್ಲಿ ಗಾಳಿಯ N₂. ಅದರ ಮೇಲೆ N₂O ಗೆ +1, NO ಗೆ +2. ನೈಟ್ರೈಟ್ +3. ತೀರಾ ಮೇಲೆ ನೈಟ್ರೇಟ್, +5. ಇನ್ನು ಪ್ರತಿ ಹಂತಕ್ಕೂ ಒಂದೇ ಪ್ರಶ್ನೆ: ಇದು ಏರುತ್ತಿದೆಯಾ, ಇಳಿಯುತ್ತಿದೆಯಾ?

ನೈಟ್ರೀಕರಣ ಏರಿಕೆ. ನೈಟ್ರೋಸೋಮೋನಾಸ್ -3ರಿಂದ +3ಕ್ಕೆ, ಅಂದರೆ ಆರು ಮೆಟ್ಟಿಲು ಏರಿಸುತ್ತದೆ. ನೈಟ್ರೋಬ್ಯಾಕ್ಟರ್ +3ರಿಂದ +5ಕ್ಕೆ, ಎರಡೇ ಮೆಟ್ಟಿಲು. ಉದ್ದ ಹೆಸರಿಗೆ ಉದ್ದ ಏರಿಕೆ, ಗಿಡ್ಡ ಹೆಸರಿಗೆ ಗಿಡ್ಡ ಏರಿಕೆ. ಏರುವುದಕ್ಕೆ ಆಕ್ಸಿಜನ್ ಬೇಕು, ಹಾಗಾಗಿ ಇವೆರಡೂ ಗಾಳಿಯಾಡುವ ಮಣ್ಣಿನಲ್ಲಿ ಕೆಲಸ ಮಾಡುತ್ತವೆ. ವಿನೈಟ್ರೀಕರಣ ಇಳಿಕೆ. ಸ್ಯೂಡೋಮೋನಾಸ್, ಪ್ಯಾರಾಕಾಕಸ್‌ನಂಥವು ಆಕ್ಸಿಜನ್ ಇದ್ದಾಗ ಅದನ್ನೇ ಉಸಿರಾಡುತ್ತವೆ. ನೀರು ನಿಂತು ಆಕ್ಸಿಜನ್ ಮುಗಿದಾಗ ಅದರ ಬದಲು ನೈಟ್ರೇಟನ್ನು ಬಳಸಿಕೊಳ್ಳುತ್ತವೆ. ಆಗ ನೈಟ್ರೇಟ್ +5ರಿಂದ +3, +2, +1 ಹೀಗೆ ಹಂತಹಂತವಾಗಿ ಇಳಿದು ಸೊನ್ನೆಗೆ ಬಂದು ಗಾಳಿ ಸೇರುತ್ತದೆ. ಕೆಲವೊಮ್ಮೆ ಕೊನೆಯ ಮೆಟ್ಟಿಲು ಇಳಿಯುವ ಮೊದಲೇ +1ರಲ್ಲಿ N₂O ಆಗಿ ತಪ್ಪಿಸಿಕೊಳ್ಳುತ್ತದೆ. ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಅದೂ ಒಂದು. ಎಲ್ಲ ಸ್ಯೂಡೋಮೋನಾಸ್‌ಗಳಿಗೂ ಈ ಇಳಿಕೆ ಬರುವುದಿಲ್ಲ, ಆ ಕುಲದ ಕೆಲವು ಜಾತಿಗಳಿಗೆ ಮಾತ್ರ.

ಕೊಳೆಯುವ ಹಂತ ಇನ್ನೂ ಚೆಂದ. ಪ್ರೋಟೀನಿನ ಅಮೈನೋ ಗುಂಪಿನಲ್ಲಿ ಸಾರಜನಕ -3ರಲ್ಲೇ ಇರುತ್ತದೆ, ಅಮೋನಿಯದಲ್ಲೂ -3. ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ, ಬಿಡಿಸಿಕೊಂಡು ಹೊರಬಂದರೆ ಸಾಕು. ಅಮೋನೀಕರಣಕ್ಕೆ ಪುಸ್ತಕಗಳು ಒಂದೇ ಜೀವಿಯ ಹೆಸರು ಯಾಕೆ ಹೇಳುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ, ಶಿಲೀಂಧ್ರಗಳು, ಹೀಗೆ ಕೊಳೆಸುವ ಯಾವುದೇ ಜೀವಿಗೂ ಆ ಕೆಲಸ ಬರುತ್ತದೆ. ಮೆಟ್ಟಿಲಿಲ್ಲದ ಕಡೆ ವಿಶೇಷ ಆಳು ಬೇಕಿಲ್ಲ. ಹೀರುವ ಹಂತದಲ್ಲಿ ಗಿಡ ನೈಟ್ರೇಟನ್ನು ತನ್ನ ಒಳಗೇ, ತನ್ನದೇ ಕಿಣ್ವಗಳಿಂದ +5ರಿಂದ -3ಕ್ಕೆ ಇಳಿಸಿಕೊಳ್ಳುತ್ತದೆ. ಅಲ್ಲಿ ಸೂಕ್ಷ್ಮಜೀವಿಯ ಹೆಸರು ಹುಡುಕುವುದೇ ಬೇಡ.

ಹಿಡಿಯುವವರನ್ನು ಏನು ಕೇಳಬೇಕು

ಸ್ಥಿರೀಕರಣವೂ ಇಳಿಕೆಯೇ, ಸೊನ್ನೆಯಿಂದ -3ಕ್ಕೆ. ಇಲ್ಲೂ ಆಕ್ಸಿಜನ್ ಶತ್ರು. ಹಿಡಿಯುವ ಕಿಣ್ವ ನೈಟ್ರೋಜಿನೇಸ್. ಆಕ್ಸಿಜನ್ ತಾಗಿದರೆ ಅದು ಕೆಟ್ಟುಹೋಗುತ್ತದೆ. ಹಿಡಿಯುವವರ ಪಟ್ಟಿ ಉದ್ದ ಇರುವುದರಿಂದ ಮಕ್ಕಳು ಇಲ್ಲೇ ಜಾಸ್ತಿ ಸೋಲುತ್ತಾರೆ. ಉರು ಹೊಡೆಯುವ ಬದಲು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ನೀನು ಆಕ್ಸಿಜನ್‌ನಿಂದ ಹೇಗೆ ತಪ್ಪಿಸಿಕೊಳ್ಳುತ್ತೀಯ?

ಕ್ಲಾಸ್ಟ್ರಿಡಿಯಂ ಉತ್ತರ, ಆಕ್ಸಿಜನ್ ಇರುವ ಕಡೆ ನಾನು ಹೋಗುವುದೇ ಇಲ್ಲ. ಅಜೋಟೋಬ್ಯಾಕ್ಟರ್ ಆಕ್ಸಿಜನ್ ನಡುವೆಯೇ ಇದ್ದು ವಿಪರೀತ ವೇಗವಾಗಿ ಉಸಿರಾಡುತ್ತದೆ, ಒಳಗೆ ಬರುವುದನ್ನು ಬಂದ ಹಾಗೇ ಖರ್ಚು ಮಾಡಿಬಿಡುತ್ತದೆ. ಅನಾಬೀನದ ಕಷ್ಟ ದೊಡ್ಡದು, ಏಕೆಂದರೆ ಅದು ಬೆಳಕು ಬಳಸಿ ತಾನೇ ಆಕ್ಸಿಜನ್ ತಯಾರಿಸುತ್ತದೆ. ಅದರ ದಾರದಂಥ ಮೈಯಲ್ಲಿ ಅಲ್ಲಲ್ಲಿ ದಪ್ಪ ಗೋಡೆಯ ಒಂದು ಕೋಶ ಇರುತ್ತದೆ, ಹೆಟೆರೋಸಿಸ್ಟ್. ಆ ಕೋಶ ಆಕ್ಸಿಜನ್ ತಯಾರಿಸುವುದನ್ನು ನಿಲ್ಲಿಸಿ ಹಿಡಿಯುವ ಕೆಲಸಕ್ಕೇ ಮೀಸಲಾಗುತ್ತದೆ. ರೈಜೋಬಿಯಂ ದ್ವಿದಳ ಗಿಡದ ಬೇರಿನ ಗಂಟಿನೊಳಗೆ ಕೂರುತ್ತದೆ. ಅಲ್ಲಿ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಆಕ್ಸಿಜನ್ನನ್ನು ಹಿಡಿದುಕೊಂಡು ಉಸಿರಾಟಕ್ಕೆ ಬೇಕಾದಷ್ಟನ್ನೇ ಬಿಡುತ್ತದೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ನಡೆಯುತ್ತಿಲ್ಲ. ಒಮ್ಮೆ ಆ ಗುಲಾಬಿ ನೋಡಿದವರು ರೈಜೋಬಿಯಂ ಹೆಸರನ್ನು ಬೇರೆ ಹಂತಕ್ಕೆ ಬರೆದಿದ್ದನ್ನು ನಾನು ಕಂಡಿಲ್ಲ.

ನಲವತ್ತು ಲೀಟರ್ ನೀರು

ಏರಿಕೆಯನ್ನು ಕಣ್ಣಿನಿಂದ ನೋಡುವ ದಾರಿಯೂ ಇದೆ. ಕೆಲವು ವರ್ಷಗಳ ಹಿಂದೆ ಮೀನಿನ ತೊಟ್ಟಿಯೊಂದನ್ನು ಹೊಸದಾಗಿ ಇಟ್ಟಾಗ ಮೀನು ಬಿಡದೆ ಮೊದಲು ಬರೀ ನೀರನ್ನು ಗಮನಿಸಿದ್ದೆ. ನಲವತ್ತು ಲೀಟರ್ ನೀರು, ಜಲ್ಲಿ, ಗಾಳಿ ಗುಳ್ಳೆ ಬಿಡುವ ಫಿಲ್ಟರ್. ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯ ಒಂದೇ ಸಲ ಹಾಕಿದೆ. ನೀರಿನಲ್ಲಿ ನೈಟ್ರೇಟ್ ಇಲ್ಲ ಎಂದು ಮೊದಲೇ ನೋಡಿಕೊಂಡಿದ್ದೆ. ಎರಡು ದಿನಕ್ಕೊಮ್ಮೆ ಬಣ್ಣ ತಿರುಗುವ ಕಿಟ್‌ನಿಂದ ಅಮೋನಿಯ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಅಳೆದು ಬರೆದಿಡುತ್ತಿದ್ದೆ.

ಮೊದಲ ವಾರ ಏನೂ ಆಗಲಿಲ್ಲ. ಒಂಬತ್ತನೇ ದಿನ ನೈಟ್ರೈಟ್ ಕಾಣಿಸಿತು. ಹದಿನೇಳನೇ ದಿನಕ್ಕೆ ಅಮೋನಿಯ ಸೊನ್ನೆ, ನೈಟ್ರೈಟ್ 5. ಆ ಸಂಖ್ಯೆ ನೋಡಿ ಕಿಟ್ ಕೆಟ್ಟಿದೆ ಅಂದುಕೊಂಡೆ. ಹಾಕಿದ್ದು ಎರಡು, ಬಂದದ್ದು ಐದು ಹೇಗೆ? ಲೆಕ್ಕ ಮಾಡಿದಾಗ ಸರಿಯಾಗಿಯೇ ಇತ್ತು. ಅಮೋನಿಯದ ಅಣುಭಾರ 17, ನೈಟ್ರೈಟ್‌ನದು 46, ನೈಟ್ರೇಟ್‌ನದು 62. ಸಾರಜನಕ ಅಷ್ಟೇ ಇದೆ, ಮೆಟ್ಟಿಲು ಏರುತ್ತಾ ಆಕ್ಸಿಜನ್ ಹೊತ್ತುಕೊಂಡು ತೂಕ ಹೆಚ್ಚಾಗಿದೆ. 2 ಮಿಲಿಗ್ರಾಂ ಅಮೋನಿಯ ಪೂರ್ತಿ ನೈಟ್ರೈಟ್ ಆದರೆ 5.4, ಪೂರ್ತಿ ನೈಟ್ರೇಟ್ ಆದರೆ 7.3.

ಆಮೇಲೆ ನೈಟ್ರೈಟ್ ಸುಮಾರು ದಿನ ಅಲ್ಲೇ ನಿಂತಿತು. ಎರಡನೇ ಗುಂಪಿನ ಜೀವಿಗಳಿಗೆ ಊಟ ಸಿಗುವುದೇ ಮೊದಲ ಗುಂಪು ಕೆಲಸ ಮಾಡಿದ ಮೇಲೆ. ಜೊತೆಗೆ ಎರಡೇ ಮೆಟ್ಟಿಲ ಏರಿಕೆಯಲ್ಲಿ ಅವಕ್ಕೆ ಸಿಗುವ ಶಕ್ತಿಯೂ ಕಡಿಮೆ. ನಾಲ್ಕು ವಾರ ದಾಟಿದ ಮೇಲೆ ನೈಟ್ರೈಟ್ ಇಳಿಯತೊಡಗಿತು, ಐದನೇ ವಾರದಲ್ಲಿ ಸೊನ್ನೆಯಾಯಿತು. ನೈಟ್ರೇಟ್ ಬಣ್ಣ 5 ಮತ್ತು 10ರ ನಡುವೆ ನಿಂತಿತು. ಅಳೆಯುವವರು ಒಂದು ವಿಷಯ ಗಮನಿಸಬೇಕು. ನೈಟ್ರೇಟ್ ಕಿಟ್ ಸಾಮಾನ್ಯವಾಗಿ ನೈಟ್ರೇಟನ್ನು ಮೊದಲು ನೈಟ್ರೈಟ್‌ಗೆ ಇಳಿಸಿ ಆಮೇಲೆ ಬಣ್ಣ ಕೊಡುತ್ತದೆ. ನೀರಿನಲ್ಲಿ ಆಗಲೇ ನೈಟ್ರೈಟ್ ಇದ್ದರೆ ಅದೂ ನೈಟ್ರೇಟ್ ಎಂದೇ ಕಾಣುತ್ತದೆ. ನೈಟ್ರೈಟ್ ಸೊನ್ನೆಯಾಗುವವರೆಗೆ ನೈಟ್ರೇಟ್ ಸಂಖ್ಯೆಯನ್ನು ನಂಬಬಾರದು.

ಆಮೇಲೆ ಮೀನು ಬಿಟ್ಟೆ, ನೈಟ್ರೇಟ್ ಏರುತ್ತಲೇ ಹೋಯಿತು. ಇಡೀ ತೊಟ್ಟಿಯಲ್ಲಿ ಗಾಳಿಯಾಡುತ್ತಿತ್ತು, ಹಾಗಾಗಿ ಇಳಿಸುವವರಿಗೆ ಜಾಗವೇ ಇರಲಿಲ್ಲ. ನೀರು ಬದಲಿಸಿಯೇ ಅದನ್ನು ತೆಗೆಯಬೇಕಿತ್ತು. ತೊಟ್ಟಿಗಳಲ್ಲಿ ಎರಡನೇ ಹಂತ ನಡೆಸುವುದು ಹೆಚ್ಚಾಗಿ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರ ಎಂದು ಆಮೇಲೆ ಓದಿ ತಿಳಿದೆ. ಸೋ ಇಲ್ಲ, ಎರಡನೇ ಹಂತ. ಸರಿಯಾಗಿದೆ, ಅಲ್ವಾ?

ಹುಡುಗಿ ಕೇಳಿದ್ದು

ಕಳೆದ ವಾರ ಆ ಹುಡುಗಿಯನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಹಳೆಯ ಸಾಲು ನನ್ನದೇ ತಪ್ಪು ಎಂದೂ ಹೇಳಿದೆ. ಅವಳು ತನ್ನ ನೋಟ್‌ಬುಕ್‌ನಲ್ಲಿ ಮೆಟ್ಟಿಲು ಬರೆದು, ಏರುವ ಬಾಣಗಳ ಪಕ್ಕ 'ಗಾಳಿ ಬೇಕು', ಇಳಿಯುವ ಬಾಣಗಳ ಪಕ್ಕ 'ಗಾಳಿ ಬೇಡ' ಎಂದು ಗುರುತು ಹಾಕಿಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು ಕೇಳಿದಳು: "ಮೇಡಂ, ಅಮೋನಿಯ -3, ನೈಟ್ರೈಟ್ +3. ಎರಡೂ ಸೇರಿದ್ರೆ ಸೊನ್ನೆ ಆಗುತ್ತಲ್ವಾ? ಹಾಗೆ ಮಾಡೋ ಜೀವಿ ಇಲ್ವಾ?"

ನನ್ನ ಪಾಠದಲ್ಲಿ ಅದು ಇರಲಿಲ್ಲ. 1977ರಲ್ಲಿ ಎಂಗೆಲ್ಬರ್ಟ್ ಬ್ರೋಡ ಎಂಬ ಆಸ್ಟ್ರಿಯದ ವಿಜ್ಞಾನಿ ಶಕ್ತಿಯ ಲೆಕ್ಕ ಹಾಕಿ, ಇಂಥ ಜೀವಿ ಇರಬೇಕು, ಆದರೆ ಇನ್ನೂ ಯಾರಿಗೂ ಸಿಕ್ಕಿಲ್ಲ ಎಂದು ಬರೆದಿದ್ದರು ಎಂದು ಅವಳಿಗೆ ಹೇಳಿದೆ. 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ, ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿಯೊಂದರಲ್ಲಿ ಆಕ್ಸಿಜನ್ ಇಲ್ಲದೆಯೇ ಅಮೋನಿಯ ಮಾಯವಾಗುತ್ತಿರುವುದು ಕಂಡಿತು. ಅಮೋನಿಯ ಮೂರು ಮೆಟ್ಟಿಲು ಏರಿ, ನೈಟ್ರೈಟ್ ಮೂರು ಮೆಟ್ಟಿಲು ಇಳಿದು, ಎರಡೂ ಸೊನ್ನೆಯಲ್ಲಿ ಕೂಡಿ N₂ ಆಗುತ್ತಿದ್ದವು. ಅದನ್ನು ಅನಮ್ಮಾಕ್ಸ್ ಅನ್ನುತ್ತಾರೆ, ಮಾಡುವ ಜೀವಿಗಳಲ್ಲಿ ಒಂದರ ಹೆಸರು ಬ್ರೊಕೇಡಿಯ. ಗಾಳಿ ಇಲ್ಲದೆ ಅಮೋನಿಯ ಏರುವುದನ್ನು ನಾನು ಹೇಳಿಕೊಟ್ಟ ನಿಯಮ ಒಪ್ಪುವುದಿಲ್ಲ, ಅದನ್ನೂ ಹೇಳಿದೆ. ಅವಳು -3ರಿಂದ ಒಂದು ಬಾಣ, +3ರಿಂದ ಒಂದು ಬಾಣ ಎಳೆದು ಸೊನ್ನೆಯಲ್ಲಿ ಕೂಡಿಸಿದಳು. ಮೇಲಕ್ಕೆ ಹೋಗುವ ಬಾಣದ ಪಕ್ಕ ಪೆನ್ನು ಹಿಡಿದು ಯೋಚಿಸಿದಳು. ಆಮೇಲೆ 'ಗಾಳಿ ಬೇಕು' ಎಂದು ಬರೆಯುವ ಜಾಗದಲ್ಲಿ 'ನೈಟ್ರೈಟ್ ಸಾಕು' ಎಂದು ಬರೆದಳು.